ಎಲ್‌ಎಸ್‌ಡಿ ತಾಳಿಕೆ: ಕಾರಣ ಲಿವರ್ ಅಲ್ಲ

"ಎಲ್‌ಎಸ್‌ಡಿ ಎಂಬ ಭ್ರಮಾಜನಕ ಔಷಧವನ್ನು ದಿನವೂ ಕೊಟ್ಟರೆ ನಾಲ್ಕನೇ ದಿನಕ್ಕೇ ಪರಿಣಾಮ ನಿಲ್ಲುವುದೇಕೆ? ಲಿವರ್ ಅದನ್ನು ಬೇಗ ಕರಗಿಸಿಬಿಡುತ್ತದೆಯೇ?"

ಇಲ್ಲ, ಹೀಗೆ ದೇಹ ಔಷಧಕ್ಕೆ ಒಗ್ಗಿ ಪರಿಣಾಮ ಕುಗ್ಗುವ ತಾಳಿಕೆಯಲ್ಲಿ ಬದಲಾವಣೆಯಾಗುವುದು ಮುಖ್ಯವಾಗಿ ಮೆದುಳಿನಲ್ಲಿ. ತುಮಕೂರಿನ ನಮ್ಮ ಫಾರ್ಮಕಾಲಜಿ ತರಗತಿಯಲ್ಲಿ ನಾನು ಇದನ್ನು ಹಲಗೆಯ ಮೇಲೆ ಒಂದು ನರಕೋಶ ಬರೆದು ತೋರಿಸುತ್ತೇನೆ: ಕೋಶದ ಹೊರಪೊರೆಯಲ್ಲಿರುವ ಸೆರೊಟೋನಿನ್ ಎಂಬ ನರಸಂದೇಶ ರಾಸಾಯನಿಕವನ್ನು ಹಿಡಿಯುವ 5-HT2A ಎಂಬ ಗ್ರಾಹಕಕ್ಕೆ ಎಲ್‌ಎಸ್‌ಡಿ ಅಂಟಿಕೊಂಡು ಅದನ್ನು ಮತ್ತೆ ಮತ್ತೆ ಕೆರಳಿಸಿದಾಗ, ಕೋಶವು ಆ ಗ್ರಾಹಕಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಉಳಿದವುಗಳ ಸ್ಪಂದನವನ್ನೂ ತಗ್ಗಿಸುತ್ತದೆ. ಆಗ ರಕ್ತದಲ್ಲಿ ಔಷಧವಿದ್ದರೂ ಅದು ಕೆಲಸ ಮಾಡುವ ಜಾಗವೇ ಕಡಿಮೆಯಾಗಿರುತ್ತದೆ.

ಲಿವರ್ ಕಾರಣವಲ್ಲ ಎನ್ನಲು ನನಗೆ ಬಲವಾಗಿ ಕಾಣುವ ಸಾಕ್ಷ್ಯವೆಂದರೆ ಅಡ್ಡತಾಳಿಕೆ. ಎಲ್‌ಎಸ್‌ಡಿಗೆ ಒಗ್ಗಿದವರಲ್ಲಿ, ದೇಹವು ಬೇರೆಯೇ ದಾರಿಯಲ್ಲಿ ವಿಭಜಿಸುವ, ಕೆಲವು ಅಣಬೆಗಳಲ್ಲಿರುವ ಭ್ರಮಾಜನಕವಾದ ಸೈಲೊಸಿಬಿನ್ ಕೂಡ ಮಂಕಾಗುತ್ತದೆ. ಎರಡಕ್ಕೂ ಸಮಾನವಾದದ್ದು ಆ ಗ್ರಾಹಕ. ಔಷಧ ನಿಲ್ಲಿಸಿದ ಕೆಲವು ದಿನಗಳಲ್ಲಿ ಗ್ರಾಹಕಗಳು ಮರಳುತ್ತವೆ, ಪರಿಣಾಮವೂ ಮರಳುತ್ತದೆ.