ಮಹಡಿ ಮೇಲೊಂದು ಅಣಬೆ ತಟ್ಟೆ

*ಸಂಪಾದಕರೇ, ರಕ್ತಪರೀಕ್ಷೆಯಲ್ಲಿ ನನ್ನ ವಿಟಮಿನ್ ಡಿ 11 ಬಂದಿದೆ. ವೈದ್ಯರು ವಾರಕ್ಕೊಂದು ಪುಡಿ ಬರೆದುಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ 7ಕ್ಕೆ ಗಾಜು ಹಾಕಿಸಿದ ಬಾಲ್ಕನಿಯಲ್ಲಿ ಅರ್ಧ ಗಂಟೆ ಎಳೆಬಿಸಿಲಿಗೆ ಕೂರುತ್ತೇನೆ. ಆದರೂ ಹೀಗೇಕೆ? ನಾವು ಮೊಟ್ಟೆ, ಮೀನು ತಿನ್ನುವುದಿಲ್ಲ. ಅಣಬೆಯನ್ನು ಬಿಸಿಲಿಗಿಟ್ಟರೆ ಡಿ ಬರುತ್ತದೆಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?*
*ಓದುಗರೊಬ್ಬರು, ಮೈಸೂರು*

ನಿಮ್ಮ ಪಕ್ಕದ ಮನೆಯವರು ಹೇಳಿದ್ದು ನಿಜ. ನಿಮ್ಮ ಬಾಲ್ಕನಿಯನ್ನು ಮಾತ್ರ ನಂಬಬೇಡಿ. ಡಿಯ ದೊಡ್ಡ ಮೂಲ ಬಿಸಿಲೇ, ಅದರಲ್ಲಿ ತಕರಾರಿಲ್ಲ. ಆದರೆ ಚರ್ಮದಲ್ಲಿ ಡಿ ಹುಟ್ಟಿಸುವುದು ಬಿಸಿಲಿನ ಬಿಸಿಯಲ್ಲ, ಯುವಿಬಿ ಎಂಬ ಕಿರಣ. ಸೂರ್ಯ ಕೆಳಗಿರುವಾಗ ಬೆಳಕು ಓರೆಯಾಗಿ ಹೆಚ್ಚು ಗಾಳಿಯನ್ನು ಹಾದುಬರುತ್ತದೆ, ಈ ಕಿರಣ ದಾರಿಯಲ್ಲೇ ಕಳೆದುಹೋಗುತ್ತದೆ. ಅಳಿದುಳಿದದ್ದನ್ನು ನಿಮ್ಮ ಕಿಟಕಿಯ ಗಾಜು ತಡೆಯುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಮಾತ್ರ ಆ ಬಿಸಿಲು ಕೆಲಸದ್ದು ಎಂದುಕೊಳ್ಳಿ. ಆ ಹೊತ್ತಿಗೆ ನಾವೆಲ್ಲ ಕಚೇರಿಯಲ್ಲೋ ತರಗತಿಯಲ್ಲೋ ಇರುತ್ತೇವೆ. ಹೊರಗೆ ಹೋದರೂ ಮೈತುಂಬ ಬಟ್ಟೆ. ಜೊತೆಗೆ ನಮ್ಮ ಕಂದು ಚರ್ಮಕ್ಕೆ ಅಷ್ಟೇ ಡಿ ತಯಾರಿಸಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು. ಬಿಸಿಲಿನ ನಾಡಿನಲ್ಲಿ ಡಿ ಕೊರತೆ ಇರುವುದರಲ್ಲಿ ಒಗಟೇನೂ ಇಲ್ಲ.

ಇನ್ನು ಅಣಬೆ. ಅದರಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ಯುವಿಬಿ ತಗುಲಿದರೆ ಅದೇ ವಿಟಮಿನ್ ಡಿಯ ಒಂದು ರೂಪವಾದ ಡಿ2 ಆಗುತ್ತದೆ. ಅಂಗಡಿಯ ಬಟನ್ ಅಣಬೆ ಕತ್ತಲ ಕೋಣೆಯಲ್ಲಿ ಬೆಳೆದದ್ದು, ಹಾಗಾಗಿ ಅದರಲ್ಲಿ ಡಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲು ತೋರಿಸುವ ಕೆಲಸ ನಿಮ್ಮದು. ಹಸಿ ಅಣಬೆಯನ್ನು ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ. ಇಡಿಯಾಗಿ ಇಡುವುದಾದರೆ ಕೊಡೆ ಕೆಳಗೆ, ಪದರಗಳು ಮೇಲೆ ಬರುವಂತೆ ಮಗುಚಿಡಿ. ಮೋಡವಿಲ್ಲದ ದಿನ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ, ಮಹಡಿಯ ಮೇಲೆ ಅರ್ಧದಿಂದ ಒಂದು ಗಂಟೆ ಸಾಕು. 100 ಗ್ರಾಂ ಅಣಬೆಯಲ್ಲಿ ಸಾಮಾನ್ಯವಾಗಿ 10 ಮೈಕ್ರೋಗ್ರಾಂನಷ್ಟು ಡಿ2 ಹುಟ್ಟುತ್ತದೆ. ಅಲ್ಲಿಯೂ ಗಾಜಿನ ಮುಚ್ಚಳ ಹಾಕಬೇಡಿ, ನಿಮ್ಮ ಬಾಲ್ಕನಿಯ ಕಥೆಯೇ ಮರುಕಳಿಸುತ್ತದೆ. ನೊಣದ ಭಯವಿದ್ದರೆ ತೆಳ್ಳನೆಯ ಬಲೆ ಸಾಕು. ಪಲ್ಯ ಮಾಡಿದರೂ ಡಿ ಬಹುಪಾಲು ಉಳಿಯುತ್ತದೆ. ಅದು ಎಣ್ಣೆಯಲ್ಲಿ ಕರಗುವಂಥದ್ದು, ಆದ್ದರಿಂದ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಬೇಡಿ.

ಅಣಬೆ ಒಳಗೆ ಸೇರಿಸದ ಮನೆಗಳೂ ಇವೆ, ಗೊತ್ತು. ಅವರಿಗೆ ಉಳಿಯುವುದು ಡಿ ಬೆರೆಸಿದ ಹಾಲು, ಎಣ್ಣೆ. ರಾಗಿ, ಸೊಪ್ಪುಗಳ ಹೆಸರು ಹೇಳಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಡಿ ಇಲ್ಲ. ಹಾಲು, ಎಣ್ಣೆಯ ಪ್ಯಾಕೆಟ್ ಮೇಲೆ ನೀಲಿ ಪ್ಲಸ್ ಎಫ್ ಗುರುತು ಹುಡುಕಿ. ಬೆರೆಸಿದ ಹಾಲೆಂದರೆ ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ ಡಿ ಇರಬೇಕೆಂದು 2018ರ ಎಫ್‌ಎಸ್‌ಎಸ್‌ಎಐ ನಿಯಮ ಹೇಳುತ್ತದೆ. ಎಣ್ಣೆಯಲ್ಲಿ ಗ್ರಾಂಗೆ 0.11ರಿಂದ 0.16.

ನಿಮ್ಮ ಮನೆಯ ಲೆಕ್ಕ ಹಾಕೋಣ. ಒಬ್ಬರು ದಿನಕ್ಕೆ ಅರ್ಧ ಲೀಟರ್ ಹಾಲು ಕುಡಿದರೆ ಕಡಿಮೆಯೆಂದರೂ 2.5 ಮೈಕ್ರೋಗ್ರಾಂ. ಅಡುಗೆಯಲ್ಲಿ 20 ಗ್ರಾಂ ಎಣ್ಣೆ ಹೊಟ್ಟೆ ಸೇರಿದರೆ 2.2. ಬಿಸಿಲು ಕಂಡ 200 ಗ್ರಾಂ ಅಣಬೆ ನಾಲ್ವರಿಗೆ ಹಂಚಿದರೆ ತಲೆಗೆ 5. ಒಟ್ಟು ಹತ್ತಿರ ಹತ್ತಿರ 10. ಐಸಿಎಂಆರ್ 2020ರಲ್ಲಿ ಹೇಳಿದ ದಿನದ ಅಗತ್ಯ 15, ಅಂದರೆ 600 ಐಯು. ಅಣಬೆ ಇಲ್ಲದ ದಿನ ಐದನ್ನೂ ಮುಟ್ಟುವುದಿಲ್ಲ. ಉಳಿದದ್ದು ಮಧ್ಯಾಹ್ನದ ಬಿಸಿಲೇ ತುಂಬಬೇಕು.

ನನಗೆ ಸಿಟ್ಟು ಬರುವುದು ಇಲ್ಲೇ. ಕೆನೆ ತೆಗೆದಾಗ ಹಾಲಿನ ಜೊತೆಗಿದ್ದ ಅಲ್ಪಸ್ವಲ್ಪ ಡಿಯೂ ಹೋಗುತ್ತದೆ. ಅದನ್ನು ಮರಳಿ ಹಾಕುವುದು ಉತ್ಪಾದಕರ ಇಷ್ಟಕ್ಕೆ ಬಿಟ್ಟ ಸಂಗತಿ. ಬಿಡಿ ಹಾಲು, ಬಿಡಿ ಎಣ್ಣೆ ಕೊಳ್ಳುವ ಮನೆಗೆ ಆ ಗುರುತೇ ಇಲ್ಲ. ಜಾಹೀರಾತಿನಲ್ಲಿ ಎತ್ತರ ಬೆಳೆಯುವ ಮಕ್ಕಳನ್ನು ತೋರಿಸುವವರು, ಒಂದು ಲೋಟದಲ್ಲಿ ಎಷ್ಟು ಡಿ ಎಂಬುದನ್ನು ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ ಮುದ್ರಿಸುತ್ತಾರೆ.

ಇಷ್ಟು ಹೇಳಿದೆನೆಂದು ಪುಡಿ ನಿಲ್ಲಿಸಬೇಡಿ. 11 ಎಂಬುದು ಅಡುಗೆಮನೆಯಲ್ಲಿ ಸರಿಹೋಗುವ ಕೊರತೆಯಲ್ಲ. ಅಣಬೆ, ಹಾಲು ಮತ್ತೆ ಕುಸಿಯದಂತೆ ಕಾಯಲು ಮಾತ್ರ. ಆ ಪುಡಿ 60,000 ಐಯುನದಾದರೆ ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಮಾಡಿಕೊಳ್ಳಲೂಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡದ ತೊಂದರೆವರೆಗೆ ಹೋಗಬಹುದು. ಸುಮಾರು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸುವಾಗ ಲ್ಯಾಬಿನವರನ್ನು ಒಂದು ಮಾತು ಕೇಳಿ: ನಿಮ್ಮ ವಿಧಾನ ಡಿ2ನ್ನೂ ಸರಿಯಾಗಿ ಅಳೆಯುತ್ತದೆಯೇ? ಕೆಲವು ಅಳೆಯುವುದಿಲ್ಲ. ಹಾಗಿದ್ದರೆ ಅಣಬೆಯಿಂದ ಬಂದದ್ದು ನಿಮ್ಮ ರಕ್ತದಲ್ಲಿದ್ದರೂ ವರದಿಯಲ್ಲಿ ಪೂರ್ತಿ ಕಾಣುವುದಿಲ್ಲ.

ಸಂ.