ಒಂಬತ್ತೂವರೆಯ ಹೊತ್ತು

ಇದು ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬ ತಾಯಿ ಮತ್ತು ಹದಿನಾರು ವರ್ಷದ ಅವರ ಮಗನ ವಿಷಯ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ.

ಮೊದಲ ದಿನ ತಾಯಿ ಒಬ್ಬರೇ ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ, "ಮೇಡಂ, ನಾನು ಬೈಯಲಿಲ್ಲ, ಹೊಡೆಯಲಿಲ್ಲ, ಸಮಾಧಾನವನ್ನೇ ಹೇಳಿದೆ. ಆದರೂ ಹನ್ನೆರಡು ದಿನದಿಂದ ನನ್ನ ಹತ್ತಿರ ಮಾತಾಡ್ತಿಲ್ಲ" ಅಂದರು.

ಆಗಿದ್ದು ಇಷ್ಟು. ಹುಡುಗನಿಗೆ ಅವನದೇ ತರಗತಿಯ ಹುಡುಗಿಯೊಬ್ಬಳ ಜೊತೆ ನಾಲ್ಕು ತಿಂಗಳ ಸಲುಗೆ. ಒಂದು ಸಂಜೆ ಅವಳಿಂದ ಮೂರು ಸಾಲಿನ ಮೆಸೇಜ್ ಬಂತು, ಮುಗಿಯಿತು. ಹುಡುಗ ಅಮ್ಮನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ತಲೆ ಸವರಿ, "ಹೋಗ್ಲಿ ಬಿಡೋ, ನಾಲ್ಕು ತಿಂಗಳಷ್ಟೇ ಅಲ್ವಾ. ನಿನಗಿನ್ನೂ ವಯಸ್ಸಿದೆ, ಮುಂದೆ ಎಷ್ಟೋ ಜನ ಸಿಗ್ತಾರೆ. ನಿನ್ನ ಬೆಲೆ ಗೊತ್ತಿಲ್ಲ ಅವಳಿಗೆ" ಅಂದರು. ಪಕ್ಕದಲ್ಲಿದ್ದ ಅಪ್ಪ, "ಇದಕ್ಕೂ ಅಳ್ತಾರಾ?" ಅಂತ ನಕ್ಕರು. ಹುಡುಗ ಎದ್ದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಅಪ್ಪನ ನಗು ನೋಯಿಸಿದ್ದು ಯಾರಿಗಾದರೂ ಅರ್ಥವಾಗುತ್ತದೆ. ಅಮ್ಮನ ಮಾತು ಯಾಕೆ ನೋಯಿಸಿತು ಅನ್ನೋದು ಅಮ್ಮನಿಗೆ ಅರ್ಥವಾಗಿರಲಿಲ್ಲ. ನನ್ನ ಪ್ರಕಾರ ಆ ಮನೆಯಲ್ಲಿ ಜಾಸ್ತಿ ಪೆಟ್ಟು ಕೊಟ್ಟಿದ್ದು ಅದೇ, ಯಾಕೆಂದರೆ ಅವನು ಅತ್ತಿದ್ದು ಅಮ್ಮನನ್ನು ನಂಬಿ.

ಎರಡು ದಿನ ಬಿಟ್ಟು ಹುಡುಗ ಬಂದ. ಬರಲು ಇಷ್ಟವಿರಲಿಲ್ಲ, ಬ್ಯಾಗನ್ನು ಹೆಗಲಿಂದ ಇಳಿಸಲೇ ಇಲ್ಲ. "ನೀನು ಹೇಳಿದ್ದನ್ನು ಅಮ್ಮನಿಗೆ ಹೇಳಲ್ಲ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಬೇಕಾಗುತ್ತೆ, ಅದನ್ನೂ ನಿನಗೆ ತಿಳಿಸಿಯೇ ಹೇಳ್ತೀನಿ" ಅಂದೆ. ಏನಾಯಿತು, ಯಾಕಾಯಿತು ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಅವನೇ ರಾತ್ರಿಯೆಲ್ಲ ಉತ್ತರ ಹುಡುಕುತ್ತಿರುತ್ತಾನೆ, ನಾನೂ ಕೇಳಿದರೆ ವಿಚಾರಣೆ ಆಗಿಬಿಡುತ್ತದೆ. ಕೇಳಿದ್ದು ಒಂದೇ: "ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ?"

ಯೋಚನೆಯನ್ನೇ ಮಾಡದೆ "ಒಂಬತ್ತೂವರೆ" ಅಂದ.

ರಾತ್ರಿ ಒಂಬತ್ತೂವರೆಗೆ, ಓದು ಮುಗಿದ ಮೇಲೆ, ಇಬ್ಬರೂ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರಂತೆ. ಅಂಥ ದೊಡ್ಡ ಮಾತೇನಲ್ಲ. ಇವತ್ತು ಯಾರು ಯಾರಿಗೆ ಬೈದರು, ನಾಳೆ ಯಾವ ನೋಟ್ಸ್ ಬೇಕು, ಅಷ್ಟೇ. "ಈಗಲೂ ಆ ಹೊತ್ತಿಗೆ ಫೋನ್ ಕೈಗೆ ತಾನಾಗೇ ಬರುತ್ತೆ ಮೇಡಂ. ಹೇಳೋಕೆ ಏನೇನೋ ಇರುತ್ತೆ. ಯಾರಿಗೆ ಹೇಳೋದು ಅಂತ ಗೊತ್ತಾಗಲ್ಲ."

ಹೆತ್ತವರ ಲೆಕ್ಕ ತಪ್ಪುವುದು ಇಲ್ಲೇ. ಅವರು ತಿಂಗಳು ಎಣಿಸುತ್ತಾರೆ. ಮಗು ಕಳೆದುಕೊಂಡಿದ್ದು ನಾಲ್ಕು ತಿಂಗಳನ್ನಲ್ಲ, ಪ್ರತಿ ದಿನದ ಇಪ್ಪತ್ತು ನಿಮಿಷವನ್ನು, ತನ್ನ ದಿನ ಹೇಗಿತ್ತು ಅಂತ ಕೇಳುವ ಒಂದು ಜೀವವನ್ನು. ಇನ್ನೊಂದು ವಿಷಯವಿದೆ. ದೊಡ್ಡವರು "ಎಲ್ಲ ಸರಿ ಹೋಗುತ್ತೆ" ಅನ್ನುವುದು ಹಿಂದೆ ಒಮ್ಮೆ ತಮಗೆ ಸರಿ ಹೋಗಿದ್ದು ನೆನಪಿರುವುದರಿಂದ. ಮೊದಲ ಸಲ ಮನಸ್ಸು ಒಡೆದವನ ಹತ್ತಿರ ಅಂಥ ನೆನಪೇ ಇಲ್ಲ. ಆ ಮಾತು ಸುಳ್ಳಲ್ಲ, ಆದರೆ ಅದು ನಿಜವೋ ಅಲ್ಲವೋ ಅಂತ ನೋಡಿಕೊಳ್ಳುವ ದಾರಿ ಅವನಿಗಿಲ್ಲ. ಅವನಿಗೆ ಕೇಳಿಸುವುದು "ನಿನ್ನ ನೋವು ನಮಗೆ ಮುಖ್ಯವಲ್ಲ" ಅಂತ.

ದುಃಖದ ಬಗ್ಗೆ ಕೆಲಸ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲಿ ಇಂಥದ್ದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಮಾನ್ಯತೆ ಸಿಗದ ದುಃಖ ಅನ್ನಬಹುದು. ಸಾವಾದರೆ ನಾಲ್ಕು ಜನ ಬಂದು ಕೂರುತ್ತಾರೆ, ರಜೆ ಸಿಗುತ್ತದೆ. ಕೆಲವು ನಷ್ಟಗಳಿಗೆ ಇದ್ಯಾವುದೂ ಇಲ್ಲ. ದುಃಖದ ಜೊತೆಗೆ, ದುಃಖಪಡಲು ನನಗೆ ಹಕ್ಕಿದೆಯಾ ಅನ್ನುವ ನಾಚಿಕೆಯನ್ನೂ ಹೊರಬೇಕಾಗುತ್ತದೆ. ಈ ಹುಡುಗ ಮಾರನೇ ದಿನವೇ ಅದೇ ತರಗತಿಗೆ ಹೋಗಿ, ಅವಳಿಗಿಂತ ಎರಡು ಬೆಂಚು ಹಿಂದೆ ಕೂತು ಗಣಿತ ಮಾಡಿದ್ದ.

ಅವನನ್ನು ನೇರವಾಗಿ ಇನ್ನೊಂದು ಪ್ರಶ್ನೆ ಕೇಳಿದೆ. "ಸಾಯಬೇಕು ಅನ್ನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯೋಚನೆ ಇದ್ದವರಿಗೆ ಹೇಳಲು ಬಾಗಿಲು ತೆರೆದಂತಾಗುತ್ತದೆ, ಅಷ್ಟೇ. ಅವನು "ಇಲ್ಲ. ಬೆಳಿಗ್ಗೆ ಏಳಬೇಕು ಅನ್ನಿಸಲ್ಲ, ಅಷ್ಟೇ" ಅಂದ. ನಿದ್ದೆ ಬರುವಾಗ ರಾತ್ರಿ ಎರಡಾಗುತ್ತಿತ್ತು, ಊಟ ಅರ್ಧಕ್ಕೆ ಬಿಡುತ್ತಿದ್ದ. ಆದರೆ ಭಾನುವಾರ ಗೆಳೆಯರ ಜೊತೆ ಆಡುವಾಗ ಒಂದು ಗಂಟೆ ಮರೆತು ನಕ್ಕಿದ್ದ, ನಕ್ಕೆನಲ್ಲ ಅಂತ ಆಮೇಲೆ ಬೇಜಾರೂ ಮಾಡಿಕೊಂಡಿದ್ದ. ದುಃಖ ಹೀಗೆ ಅಲೆಯಂತೆ ಬಂದು ಹೋಗುತ್ತದೆ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಆ ಬಿಡುವು ಸಿಗುವುದಿಲ್ಲ: ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವಿಡೀ, ಇಷ್ಟವಾಗಿದ್ದೂ ಸಪ್ಪೆ. ಒಂದೇ ಭೇಟಿಯಲ್ಲಿ ತೀರ್ಮಾನ ಮಾಡುವ ವಿಷಯ ಇದಲ್ಲ, ಹಾಗಾಗಿ ಮೂರು ವಾರ ಬರಲು ಹೇಳಿದೆ. ತಾಯಿಗೆ ಬೇರೆಯಾಗಿ ಒಂದು ಮಾತು ಹೇಳಿದ್ದೆ: ಅವನು ತನ್ನ ಪ್ರೀತಿಯ ವಸ್ತುಗಳನ್ನು ಹಂಚಲು ಶುರು ಮಾಡಿದರೆ, ಮೈಮೇಲೆ ಗಾಯ ಕಂಡರೆ, "ನಾನಿಲ್ಲದಿದ್ದರೆ ನಿಮಗೇ ಒಳ್ಳೇದು" ಅನ್ನುವಂಥ ಮಾತು ಬಂದರೆ ಮುಂದಿನ ಭೇಟಿಗೆ ಕಾಯಬೇಡಿ. ಅವನನ್ನು ಒಬ್ಬನೇ ಬಿಡಬೇಡಿ, ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಸಲಹೆಗೆ ಬರುತ್ತೇನೆ. ತಾಯಿಗೆ ಮೊದಲು ಕೊಟ್ಟ ಕೆಲಸ ಕ್ಷಮೆ ಕೇಳುವುದು. ಅದನ್ನು ನನ್ನ ಕೋಣೆಯಲ್ಲೇ ಹೇಳಿ ನೋಡಿದೆವು. ಅವರ ಮೊದಲ ಪ್ರಯತ್ನ ಹೀಗಿತ್ತು: "ಆ ದಿನ ನಾನು ಹಾಗೆ ಹೇಳಬಾರದಿತ್ತು ಕಣೋ, ಆದರೆ ನೀನೂ ಓದಿನ ಕಡೆ ಗಮನ..." ಅಲ್ಲೇ ನಿಲ್ಲಿಸಿದೆ. "ಆದರೆ" ಬಂದ ಕೂಡಲೇ ಹಿಂದಿನದೆಲ್ಲ ಅಳಿಸಿ ಹೋಗುತ್ತದೆ. ನಾಲ್ಕನೇ ಸಲಕ್ಕೆ ಮಾತು ಸರಿಯಾಯಿತು. "ನಾಲ್ಕು ತಿಂಗಳಷ್ಟೇ ಅಲ್ವಾ ಅಂದೆನಲ್ಲ, ಅದು ತಪ್ಪು. ನಿನಗದು ಎಷ್ಟು ದೊಡ್ಡದು ಅಂತ ನಾನು ಕೇಳಲೇ ಇಲ್ಲ. ಹೇಳಬೇಕು ಅನ್ನಿಸಿದಾಗ ಹೇಳು, ಅನ್ನಿಸದಿದ್ದರೂ ಪರವಾಗಿಲ್ಲ." ಇಷ್ಟು ಹೇಳಿ ಎದ್ದು ಬರಬೇಕು, ಉತ್ತರಕ್ಕೆ ಕಾಯಬಾರದು ಅಂದೆ.

ಎರಡನೆಯದು ಹುಡುಗಿಯ ಬಗ್ಗೆ. "ನಿನ್ನ ಬೆಲೆ ಗೊತ್ತಿಲ್ಲ ಅವಳಿಗೆ" ಅನ್ನುವುದು ಮಗನ ಪರ ನಿಂತಂತೆ ಕಾಣುತ್ತದೆ. ಮಗನ ಮನಸ್ಸಿನಲ್ಲಿ ಅವಳಿನ್ನೂ ಒಳ್ಳೆಯವಳೇ. ಅಮ್ಮ ಬೈದರೆ ಅವನು ಅವಳ ವಕೀಲನಾಗಬೇಕು, ಇಲ್ಲ ಬಾಯಿ ಮುಚ್ಚಿಕೊಳ್ಳಬೇಕು. ಅವನು ಎರಡನೆಯದನ್ನು ಆರಿಸಿಕೊಂಡಿದ್ದ.

ಮೂರನೆಯದು ಆ ಒಂಬತ್ತೂವರೆ. ಆ ಹೊತ್ತನ್ನು ಅಮ್ಮನಿಗೆ ಹೇಳಬಹುದಾ ಅಂತ ಹುಡುಗನನ್ನೇ ಕೇಳಿದ್ದೆ, ಒಪ್ಪಿದ್ದ. ಆ ಹೊತ್ತಿಗೆ ಅವನು ಬಂದರೆ ಸಿಗುವಂತೆ ಸುಮ್ನೆ ಹಾಲ್‌ನಲ್ಲಿರಿ ಅಂತ ತಾಯಿಗೆ ಹೇಳಿದೆ. ಕರೆಯಬೇಡಿ, ಟಿವಿ ಬೇಡ, ಫೋನೂ ಬೇಡ, ಕೈಗೊಂದು ಕೆಲಸ ಇರಲಿ. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಈ ವಯಸ್ಸಿನವರು ಹೇಳುವುದಿಲ್ಲ, ಪಕ್ಕದಲ್ಲಿ ಕೈ ಆಡುತ್ತಿದ್ದರೆ ಹೇಳುತ್ತಾರೆ. ಅವರು ಒಣಗಿದ ಬಟ್ಟೆ ಮಡಚುವ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಂಡರು.

ಅಪ್ಪ ಒಂದೇ ಸಲ ಬಂದರು. ಅವರಿಗೆ ನಗಬೇಡಿ ಅಂತ ಹೇಳುವ ಅಗತ್ಯ ಬೀಳಲಿಲ್ಲ, ಆಗಲೇ ಪೇಚಾಡುತ್ತಿದ್ದರು. ಮಗನ ಫೋನ್ ಕಿತ್ತಿಟ್ಟುಕೊಳ್ಳೋಣವಾ ಅಂತ ಕೇಳಿದರು. ಬೇಡ ಅಂದೆ. ಫೋನಿನಲ್ಲಿ ತೊಂದರೆ ಇದ್ದಿದ್ದು ನಿಜ. ಅವಳು ಆನ್‌ಲೈನ್ ಇದ್ದಾಳಾ ಅಂತ ಎಷ್ಟು ಸಲ ನೋಡುತ್ತೀಯ, ಒಂದು ದಿನ ಗೀಟು ಹಾಕಿ ಎಣಿಸು ಅಂತ ಹುಡುಗನಿಗೆ ಹೇಳಿದ್ದೆ. ಮೂವತ್ತನಾಲ್ಕು ಬಂತು. ಪ್ರತಿ ಸಲ ನೋಡಿದಾಗಲೂ ಗಾಯದ ಹಕ್ಕಳೆ ಕಿತ್ತಂತೆ. ಆದರೆ ಅದನ್ನು ನಿಲ್ಲಿಸಬೇಕಾದವನು ಅವನೇ. ಕಿತ್ತುಕೊಂಡರೆ ಗೆಳೆಯರೂ ಹೋಗುತ್ತಾರೆ, ಒಂದು ನಷ್ಟಕ್ಕೆ ಇನ್ನೊಂದು ಸೇರುತ್ತದೆ. ಆ ಸಂಖ್ಯೆ ನೋಡಿ ಅವನೇ ಬೆಚ್ಚಿಬಿದ್ದ, ಅವಳ ಸ್ಟೇಟಸ್ ಮ್ಯೂಟ್ ಮಾಡಿದ. ಬ್ಲಾಕ್ ಮಾಡಲು ಮನಸ್ಸು ಬರಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ, ಲಕೋಟೆಯಲ್ಲಿಟ್ಟು, ಮೂರು ಸುತ್ತು ಟೇಪ್ ಹಾಕಿ ಅಮ್ಮನ ಕೈಗೆ ಕೊಟ್ಟ. "ಬಿಚ್ಚಬೇಡ" ಅಂದನಂತೆ. ಹದಿನೈದು ದಿನಕ್ಕೂ ಹೆಚ್ಚು ಮಾತು ಬಿಟ್ಟಿದ್ದ ಮಗ ತಾನಾಗಿ ಆಡಿದ ಮೊದಲ ಮಾತು ಅದು.

ಎಲ್ಲ ಸಲೀಸಾಗಿ ಆಗಲಿಲ್ಲ. ಲಕೋಟೆ ಕೈಗೆ ಬಂದ ಖುಷಿಯಲ್ಲಿ ತಾಯಿ ಮಾರನೇ ದಿನವೇ ಸಾಲಾಗಿ ಮೂರು ಪ್ರಶ್ನೆ ಕೇಳಿಬಿಟ್ಟರು. ಈಗ ಹೇಗಿದೆ, ಅವಳು ಮಾತಾಡಿಸ್ತಾಳಾ, ಸ್ವಲ್ಪ ಕಡಿಮೆ ಆಯ್ತಾ. ಬಾಗಿಲು ಮತ್ತೆ ಮುಚ್ಚಿತು. "ಕಡಿಮೆ ಆಯ್ತಾ" ಅನ್ನುವ ಪ್ರಶ್ನೆ ಬೇಗ ಕಡಿಮೆ ಮಾಡಿಕೋ ಅನ್ನುವ ಹಾಗೆ ಕೇಳಿಸುತ್ತದೆ. ಮತ್ತೆ ಬಟ್ಟೆ ಮಡಚುವುದಕ್ಕೇ ವಾಪಸ್.

ಅದಾಗಿ ಆರನೇ ರಾತ್ರಿ ಅವನು ಹಾಲ್‌ಗೆ ಬಂದು ನೆಲದ ಮೇಲೆ ಕೂತ. ಒಂದು ಟವೆಲ್ ಎಳೆದುಕೊಂಡು ತಾನೂ ಮಡಚಿದ. ಆಮೇಲೆ, "ಪರೀಕ್ಷೆ ಇದ್ದಾಗ ಬೆಳಿಗ್ಗೆ ಫೋನ್ ಮಾಡಿ ಆಲ್ ದಿ ಬೆಸ್ಟ್ ಹೇಳ್ತಿದ್ಲು. ನಾಳೆ ಪರೀಕ್ಷೆ" ಅಂದ.

"ನಾನು ಹೇಳ್ತೀನಿ ಬಿಡು ಅನ್ನೋ ಮಾತು ನಾಲಿಗೆ ತುದಿಗೇ ಬಂದಿತ್ತು ಮೇಡಂ" ಅಂದರು ತಾಯಿ. "ನುಂಗಿಕೊಂಡೆ. ಹೌದಾ, ಹಾಗಾದ್ರೆ ನಾಳೆ ಬೆಳಿಗ್ಗೆ ಕಷ್ಟ ಆಗುತ್ತೆ ಅಲ್ವಾ ಅಂದೆ. ಹೂಂ ಅಂದ. ಅತ್ತ. ನಾನು ಏನೂ ಹೇಳಲಿಲ್ಲ."

ಮೂರು ವಾರ ಮುಗಿದಾಗ ಅವನ ನಿದ್ದೆ ಹನ್ನೊಂದೂವರೆಗೆ ಬಂದಿತ್ತು. ಊಟ ಸರಿಯಾಗಿತ್ತು. ಕೆಲವು ರಾತ್ರಿ ಒಂಬತ್ತೂವರೆ ಈಗಲೂ ಚುಚ್ಚುತ್ತದೆ ಅಂದ. ಖಿನ್ನತೆಯ ಲಕ್ಷಣ ಕಾಣಲಿಲ್ಲ, ತಿಂಗಳು ಬಿಟ್ಟು ಒಮ್ಮೆ ಬಾ ಅಂದೆ. ಲಕೋಟೆ ಅಮ್ಮನ ಬೀರುವಿನಲ್ಲೇ ಇದೆ.

ಕೊನೆಯ ಸಲ ತಾಯಿ ಬಂದಿದ್ದು ಬೇರೆ ಪ್ರಶ್ನೆ ಹೊತ್ತು. ಮಗ, "ಅಮ್ಮ, ನಿನಗೂ ಯಾವತ್ತಾದರೂ ಹೀಗಾಗಿತ್ತಾ?" ಅಂತ ಕೇಳಿದ್ದ. ಹೇಳಬಹುದಾ, ಎಷ್ಟು ಹೇಳಬಹುದು? ಅವನಾಗಿ ಕೇಳಿದ್ದಾನೆ, ಹೇಳಿ ಅಂದೆ. ಕೇಳುವ ಮೊದಲೇ ಹೇಳಿದ್ದರೆ ಅದು ಅವನ ಕತೆಯನ್ನು ಪಕ್ಕಕ್ಕೆ ಸರಿಸಿ ನಿಮ್ಮದನ್ನು ಇಟ್ಟಂತಾಗುತ್ತಿತ್ತು. ನಿಜ ಹೇಳಿ, ಚಿಕ್ಕದಾಗಿ ಹೇಳಿ, ನೋವಾಗಿದ್ದು ಹೇಗಿತ್ತು ಅನ್ನುವಲ್ಲಿಗೇ ನಿಲ್ಲಿಸಿ. ಆಮೇಲೆ ಎಲ್ಲ ಸರಿ ಹೋಯಿತು, ನಿಮ್ಮಪ್ಪ ಸಿಕ್ಕರು ಅಂತ ಮುಗಿಸಬೇಡಿ.

ತಾಯಿ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. "ಅವನ ಅಪ್ಪನಿಗೂ ನಾನಿದನ್ನು ಯಾವತ್ತೂ ಹೇಳಿಲ್ಲ ಮೇಡಂ" ಅಂದರು. ಆಮೇಲೆ ನಕ್ಕು, "ಒಂಬತ್ತೂವರೆಗೆ ಅವರನ್ನ ಹೊರಗೆ ಕಳಿಸ್ತೀನಿ" ಅಂತ ಎದ್ದರು.