ಪಡುವಣ ಬಾಲ್ಕನಿಗೆ ಮಣ್ಣಿನ ಜಾಲಿ

ಪ್ರಶ್ನೆ: ಬೆಂಗಳೂರಲ್ಲಿ ಪಶ್ಚಿಮದ ಬಾಲ್ಕನಿಗೆ ತೂತುಗಳಿರುವ ಮಣ್ಣಿನ ಜಾಲಿ ಹಾಕಿಸಿದರೆ ಬಿಸಿಲು ನಿಲ್ಲುತ್ತಾ? ಎದುರು ಮನೆಯವರಿಗೆ ಒಳಗೆ ಕಾಣಲ್ಲ ಅಲ್ವಾ?

ಉತ್ತರ: ಅರ್ಧ ನಿಲ್ಲುತ್ತದೆ. ಡಿಸೈನ್ ಬಿಡಿ, ಮೊದಲು ಜಾಲಿಯ ದಪ್ಪ ನೋಡಿ. ತೂತು 4 ಇಂಚು ಎತ್ತರ, ಜಾಲಿಯೂ 4 ಇಂಚು ದಪ್ಪ ಇದ್ದರೆ, ಸೂರ್ಯ 45 ಡಿಗ್ರಿಗಿಂತ ಮೇಲಿರುವಾಗ ನೇರ ಬಿಸಿಲು ಒಳಗೆ ಬೀಳುವುದಿಲ್ಲ. ದಪ್ಪ 2 ಇಂಚಾದರೆ ಸುಮಾರು 63 ಡಿಗ್ರಿಯಿಂದಲೇ ನುಗ್ಗುತ್ತದೆ.

ಮಾರ್ಚ್ ಕೊನೆಯಲ್ಲಿ ನಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ 45 ಡಿಗ್ರಿಗೆ ಇಳಿದಿರುತ್ತಾನೆ. ಆಮೇಲೆ ನೆಲದ ಮೇಲೆ ಬಿಸಿಲಿನ ಚುಕ್ಕಿಗಳು ಶುರು, ಸಂಜೆಗೆ ಅವು ಗೋಡೆ ಹತ್ತುತ್ತವೆ. ಅಷ್ಟು ಹೊತ್ತಿಗೆ ಬಿದಿರಿನ ಚಿಕ್ ಪರದೆ ಇಳಿಬಿಡಿ. ಇದೇ ಜಾಲಿ ದಕ್ಷಿಣದ ಗೋಡೆಯಲ್ಲಿದ್ದರೆ ಡಿಸೆಂಬರ್ ನಡುಮಧ್ಯಾಹ್ನದ ಬಿಸಿಲನ್ನೂ ತಡೆಯುತ್ತಿತ್ತು.

ಗಾಳಿಗೆ ಎದುರುಗಡೆ ಕಿಟಕಿಯೋ ಬಾಗಿಲೋ ತೆರೆದಿರಬೇಕು. ಇಲ್ಲದಿದ್ದರೆ ಸುಮ್ನೆ ಅಲಂಕಾರ. ಸೊಳ್ಳೆ ಪರದೆ ಹಾಕಿದರೆ ಗಾಳಿ ಇನ್ನೂ ಕಮ್ಮಿ. ಮುಂಗಾರಿನಲ್ಲಿ ಗಾಳಿ ಜಾಸ್ತಿ ಪಶ್ಚಿಮದಿಂದಲೇ ಬರುವುದರಿಂದ ಎರಚಲೂ ಬರುತ್ತದೆ, ನೆಲವನ್ನು ಹೊರಗಡೆಗೆ ಇಳಿಜಾರು ಮಾಡಿಸಿ.

ಹಗಲು ಹೊರಗೆ ಬೆಳಕು, ಒಳಗೆ ಮಬ್ಬು, ಹಾಗಾಗಿ ಎದುರು ಮನೆಗೆ ನೀವು ಕಾಣುವುದಿಲ್ಲ. ರಾತ್ರಿ ಲೈಟ್ ಹಾಕಿದರೆ ಪೂರ್ತಿ ಉಲ್ಟಾ. ಒಂದು ಪರದೆ ಬೇಕೇ ಬೇಕು.